ಬಸ್ಸಿನ ಬಾಲದ ಉಕಾರ

ಬೆಳಗಾವಿಯ ನಿಲ್ದಾಣದಲ್ಲಿ ಒಂದೇ ವಾಹನವು ಕನ್ನಡದವರ ಬಾಯಲ್ಲಿ ‘ಬಸ್ಸು ಬಂತು’ ಎಂದೂ ಮರಾಠಿಯವರ ಬಾಯಲ್ಲಿ ‘ಬಸ್ ಆಲಿ’ ಎಂದೂ ಆಗುವುದಕ್ಕೆ ಕಾರಣವು ಆ ಇಂಗ್ಲಿಷ್ ಪದದಲ್ಲಿಲ್ಲ, ಅದನ್ನು ಬರಮಾಡಿಕೊಂಡ ಭಾಷೆಗಳ ಧ್ವನಿನಿಯಮದಲ್ಲಿದೆ. ಮರಾಠಿಗೆ ವ್ಯಂಜನಾಂತ ಪದ, ಅಂದರೆ ಸ್ವರವಿಲ್ಲದ ಅಕ್ಷರದಲ್ಲಿ ಮುಗಿಯುವ ಪದ, ಸಹಜವಾದದ್ದು. ಆದ್ದರಿಂದ ಅದು ‘ಬಸ್’ ಅನ್ನು ಇದ್ದಂತೆಯೇ ತೆಗೆದುಕೊಂಡು, ತನ್ನ ಲಿಂಗವ್ಯವಸ್ಥೆಗೆ ತಕ್ಕಂತೆ ಸ್ತ್ರೀಲಿಂಗದಲ್ಲಿ ಕೂರಿಸಿತು. ಕನ್ನಡವಾದರೋ ಪದದ ಕೊನೆಗೆ ಸ್ವರವನ್ನು ಬಯಸುವುದರಿಂದ ಉಕಾರವೊಂದನ್ನು ಸೇರಿಸಿತು.

ಆದರೆ ಬರೀ ಉಕಾರವಷ್ಟೇ ಸೇರಿದ್ದರೆ ಆ ಪದ ‘ಬಸು’ ಎಂದಾಗಬೇಕಿತ್ತು. ಸಕಾರವು ಇಮ್ಮಡಿಯಾದದ್ದು ಏಕೆಂಬುದಕ್ಕೆ ಉತ್ತರವು ಹಳಗನ್ನಡದಲ್ಲಿ ಸಿಗುತ್ತದೆ. ಹಳಗನ್ನಡದ ಕಣ್, ಕಲ್ ಎಂಬ ಒಂದೇ ಹ್ರಸ್ವ ಸ್ವರದ ಪದಗಳು ಮುಂದೆ ಕಣ್ಣು, ಕಲ್ಲು ಎಂದು ದ್ವಿತ್ವವನ್ನು, ಅಂದರೆ ಅದೇ ಅಕ್ಷರದ ಒತ್ತನ್ನು, ಪಡೆದವು. ದೀರ್ಘ ಸ್ವರವಿದ್ದ ಕಾಲ್ ಮಾತ್ರ ದ್ವಿತ್ವವಿಲ್ಲದೆ ಕಾಲು ಆಯಿತು, ಎರಡು ಸ್ವರಗಳಿದ್ದ ಮಗಳ್ ಕೂಡ ಹಾಗೆಯೇ ಮಗಳು ಆಯಿತು. ನೂರಾರು ವರ್ಷಗಳ ನಂತರ ಬಂದ ಇಂಗ್ಲಿಷ್ ಪದಗಳು ಇದೇ ಅಚ್ಚಿನಲ್ಲಿ ಬಿದ್ದವು: ಹ್ರಸ್ವವುಳ್ಳ ಬಸ್, ಪೆನ್ ಎಂಬವು ಬಸ್ಸು, ಪೆನ್ನು ಆದರೆ, ದೀರ್ಘವುಳ್ಳವು ಕಾರು, ರೋಡು ಆದವು, ಪೆನ್ಸಿಲು ‘ಮಗಳು’ ಪದದ ದಾರಿ ಹಿಡಿಯಿತು. ಹಾಗೆಂದು ನಿಯಮವು ಎಲ್ಲೆಡೆಯೂ ಒಂದೇ ಬಿಗಿಯಲ್ಲಿಲ್ಲ; ಎರಡು ಸ್ವರಗಳ ಟಿಕೆಟ್ ಎಂಬುದು ಕೆಲವರಲ್ಲಿ ಟಿಕೆಟ್ಟು, ಕೆಲವರಲ್ಲಿ ಟಿಕೇಟು.

ಕನ್ನಡದಿಂದ ಮರಾಠಿಗೆ ಹೋದ ಪದಗಳನ್ನು ನೋಡಿದರೆ ಇದೇ ಕಥೆ ತಿರುಗುಮುರುಗಾಗಿ ಕಾಣುತ್ತದೆ. ಮರಾಠಿಯ ಉಚ್ಚಾರದಲ್ಲಿ ಪದಾಂತ್ಯದ ಹ್ರಸ್ವ ಅಕಾರವು ಸಾಮಾನ್ಯವಾಗಿ ಉಳಿಯದು, ಆದ್ದರಿಂದ ಕನ್ನಡದ ಅಣ್ಣ, ಅಕ್ಕ ಎಂಬವು ಅಲ್ಲಿ ದೀರ್ಘವಾಗಿ ಅಣ್ಣಾ, ಅಕ್ಕಾ ಎಂದಾಗಿ ತಮ್ಮ ಕೊನೆಯ ಸ್ವರವನ್ನು ಉಳಿಸಿಕೊಂಡವು. ಕನ್ನಡದವರೂ ಕರೆಯುವಾಗ ‘ಅಣ್ಣಾ’ ಎಂದು ಎಳೆಯುತ್ತಾರಲ್ಲ ಎಂದು ಯಾರಾದರೂ ಕೇಳಬಹುದು, ಆದರೆ ಅದು ಸಂಬೋಧನೆಯ ಎಳೆತ. ಸುದ್ದಿ ಹೇಳುವಾಗ ಕನ್ನಡದಲ್ಲಿ ‘ಅಣ್ಣ ಬಂದ’ ಎಂದೂ ಮರಾಠಿಯಲ್ಲಿ ‘ಅಣ್ಣಾ ಆಲೆ’ ಎಂದೂ ಕೇಳಿಬರುವುದರಿಂದ ವ್ಯತ್ಯಾಸವು ಸ್ಪಷ್ಟವಾಗುತ್ತದೆ.

ಇಂಗ್ಲಿಷ್ ಬಲ್ಲವರ ಸಂಖ್ಯೆ ಹೆಚ್ಚಿದಂತೆ ಕನ್ನಡದ ಮಾತಿನಲ್ಲೂ ಬರಹದಲ್ಲೂ ‘ಬಸ್’, ‘ಬಸ್‌ಗೆ’ ಎಂಬ ರೂಪಗಳು ಬಂದಿವೆ, ‘ಬಸ್ಸು’ ಹಳ್ಳಿಯ ಮಾತೆಂಬ ಭಾವನೆಯೂ ಕೆಲವರಲ್ಲಿದೆ. ಇದು ಆಧಾರವಿಲ್ಲದ ತಾತ್ಸಾರ, ಏಕೆಂದರೆ ‘ಕಣ್ಣು’ ಶುದ್ಧವಾದರೆ ‘ಬಸ್ಸು’ ಕೂಡ ಅಷ್ಟೇ ಶುದ್ಧ. ಉಕಾರವನ್ನು ಬಿಟ್ಟವರೂ ಸ್ವರದಿಂದ ಆರಂಭವಾಗುವ ಪ್ರತ್ಯಯವು ಬಂದೊಡನೆ ಹಳೆಯ ನಿಯಮಕ್ಕೇ ಮರಳಿ, ‘ಕಾರಲ್ಲಿ ಬೇಡ, ಬಸ್ಸಲ್ಲಿ ಹೋಗೋಣ’ ಎನ್ನುತ್ತಾರೆ. ‘ಬಸಲ್ಲಿ’ ಎಂದು ಯಾರೂ ಹೇಳುವುದಿಲ್ಲ.