ಇಪ್ಪತ್ತು ಕೆಬಿಗೆ ಕಮ್ಮಿಯಾದ ಫೋಟೊ

ಸರಕಾರಿ ಪರೀಕ್ಷೆಗಳ ಅರ್ಜಿಯಲ್ಲಿ ಫೋಟೊ ತುಂಬ ದೊಡ್ಡದಾಯಿತು ಎಂಬ ದೂರನ್ನು ಎಲ್ಲರೂ ಕೇಳಿರುತ್ತಾರೆ. ಚಿಕ್ಕದಾಯಿತು ಎಂಬ ತೊಂದರೆ ಅದಕ್ಕಿಂತ ಹೆಚ್ಚು ತಲೆ ತಿನ್ನುತ್ತದೆ. ನನ್ನ ಅಕ್ಕ ಐಬಿಪಿಎಸ್ ಕ್ಲರ್ಕ್ ಪರೀಕ್ಷೆಗೆ ಅರ್ಜಿ ಹಾಕುವಾಗ ಫೋಟೊ ಮತ್ತು ಸಹಿಯನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊನೆಯ ದಿನಾಂಕಕ್ಕೆ ಎರಡು ದಿನ ಉಳಿದಿತ್ತು. ಆ ಎರಡು ಸಂಜೆಗಳಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಐಬಿಪಿಎಸ್ ಪ್ರಕಟಣೆಯ ಕೊನೆಯಲ್ಲಿ ನಿಯಮಗಳು ಸ್ಪಷ್ಟವಾಗಿಯೇ ಇವೆ. ಫೋಟೊ 200 x 230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140 x 60 ಪಿಕ್ಸೆಲ್, 10ರಿಂದ 20 ಕೆಬಿ. ಹಿನ್ನೆಲೆ ತಿಳಿ ಬಣ್ಣದ್ದು, ಬಿಳಿಯಾದರೆ ಉತ್ತಮ. ಸಹಿ ಬಿಳಿ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿರಬೇಕು, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆದ ಸಹಿ ನಡೆಯುವುದಿಲ್ಲ. ಟೋಪಿ, ಕಪ್ಪು ಕನ್ನಡಕ ಇರಬಾರದು. ಧಾರ್ಮಿಕ ಶಿರವಸ್ತ್ರಕ್ಕೆ ಅವಕಾಶವಿದೆ, ಆದರೆ ಅದು ಮುಖವನ್ನು ಮುಚ್ಚಬಾರದು. ಉಮ್ಮನಿಗೆ ಇದ್ದ ದೊಡ್ಡ ಆತಂಕ ಇದೇ ಆಗಿತ್ತು. ಆ ವಾಕ್ಯವನ್ನು ಓದಿ ಹೇಳಿದ ಮೇಲೆ ಅವರು ಸಮಾಧಾನಪಟ್ಟರು.

ಬಂದರಿನ ನಮ್ಮ ಮನೆಯ ಗೋಡೆಗಳಿಗೆ ಹಸಿರು ಬಣ್ಣ. ಹಾಗಾಗಿ ಕಿಟಕಿಯ ಎದುರಿನ ಗೋಡೆಗೆ ಬಿಳಿ ಬೆಡ್‌ಶೀಟನ್ನು ಇಸ್ತ್ರಿ ಹಾಕಿ ತೂಗುಹಾಕಿದೆವು. ಇಸ್ತ್ರಿ ಹಾಕದಿದ್ದರೆ ಮಡಿಕೆಯ ಗೆರೆಗಳೆಲ್ಲ ಫೋಟೊದಲ್ಲಿ ನೆರಳಾಗಿ ಕಾಣುತ್ತವೆ. ಅಕ್ಕ ಬಟ್ಟೆಗೆ ಒರಗಿ ನಿಂತಾಗ ಕಿವಿಯ ಪಕ್ಕದಲ್ಲಿ ಕಪ್ಪು ನೆರಳು ಬಿತ್ತು. ಮೂರು ಅಡಿ ಮುಂದೆ ಬಂದು ಕಿಟಕಿಯ ಕಡೆಗೆ ಮುಖ ಮಾಡಿದಾಗ ನೆರಳು ಮಾಯವಾಯಿತು. ಇನ್ನೊಂದು ವಿಷಯವನ್ನು ನಮ್ಮ ಕಾಲೇಜಿನ ಹುಡುಗಿಯರು ಗಮನಿಸಬೇಕು. ಅಕ್ಕ ಮೊದಲು ಬಿಳಿ ಶಾಲು ಧರಿಸಿದ್ದಳು. ಬಿಳಿ ಹಿನ್ನೆಲೆಯಲ್ಲಿ ಶಾಲಿನ ಅಂಚೇ ಕಾಣದೆ ಮುಖ ಗಾಳಿಯಲ್ಲಿ ತೇಲಿದ ಹಾಗೆ ಇತ್ತು. ಕಡು ನೀಲಿ ಶಾಲನ್ನು ಹಾಕಿ, ಹಣೆಯಿಂದ ಗಲ್ಲದವರೆಗೆ, ಎರಡೂ ಕೆನ್ನೆ ಪೂರ್ತಿ ಕಾಣುವಂತೆ ಸರಿಪಡಿಸಿದ ಮೇಲೆ ಚಿತ್ರ ಸರಿಯಾಯಿತು. ಪರೀಕ್ಷೆಯ ದಿನ ಬಾಗಿಲಲ್ಲಿ ಈ ಫೋಟೊವನ್ನೇ ಮುಖದೊಂದಿಗೆ ಹೋಲಿಸಿ ನೋಡುವುದರಿಂದ ಇದು ಸಣ್ಣ ವಿಷಯವಲ್ಲ.

ಮೊಬೈಲಿನಲ್ಲಿ ತೆಗೆದ ಚಿತ್ರ 3 ಎಂಬಿಗೂ ಹೆಚ್ಚಿತ್ತು. ಅದನ್ನು ಅಗಲ 20 ಭಾಗ, ಎತ್ತರ 23 ಭಾಗದ ಅನುಪಾತದಲ್ಲಿ ಕತ್ತರಿಸಿ, ಅಳತೆ ಬದಲಿಸುವ ಆ್ಯಪ್‌ನಲ್ಲಿ 200 x 230 ಪಿಕ್ಸೆಲ್‌ಗೆ ಇಳಿಸಿದೆ. ಬಂದದ್ದು 8 ಕೆಬಿ. ಬೇಕಾದದ್ದು ಕನಿಷ್ಠ 20.

ಇದು ಯಾಕೆ ಹೀಗೆ ಎಂದು ಒಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. 200ನ್ನು 230ರಿಂದ ಗುಣಿಸಿದರೆ 46,000 ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ನ ಬಣ್ಣವನ್ನು ಹೇಳಲು 3 ಬೈಟ್ ಬೇಕು. ಅಂದರೆ ಒಟ್ಟು 1,38,000 ಬೈಟ್, ಸುಮಾರು 135 ಕೆಬಿ. ಜೆಪಿಇಜಿ ಎಂಬ ವಿಧಾನ ಇದನ್ನು ಅದುಮಿ ಚಿಕ್ಕದು ಮಾಡುತ್ತದೆ. ಅದು ಚಿತ್ರವನ್ನು ಉದ್ದ 8, ಅಗಲ 8 ಪಿಕ್ಸೆಲ್‌ಗಳ ಚೌಕಗಳಾಗಿ ವಿಂಗಡಿಸುತ್ತದೆ. ಕಣ್ಣು, ಹುಬ್ಬು ಇರುವ ಚೌಕದಲ್ಲಿ ಬರೆದಿಡಲು ತುಂಬ ವಿಷಯವಿರುತ್ತದೆ. ಬರೀ ಬಿಳಿ ಇರುವ ಚೌಕದಲ್ಲಿ ‘ಇದು ಬಿಳಿ’ ಎಂದು ಬರೆದರೆ ಮುಗಿಯಿತು. ಹಾಗಾಗಿ ಹಿನ್ನೆಲೆ ಎಷ್ಟು ಶುಭ್ರವೋ ಕಡತ ಅಷ್ಟು ಹಗುರ. ನಿಯಮ ಕೇಳುವ ಬಿಳಿ ಹಿನ್ನೆಲೆಯೇ ಕೆಬಿಯನ್ನು ಕನಿಷ್ಠ ಮಿತಿಯಿಂದ ಕೆಳಗೆ ಎಳೆಯುತ್ತದೆ.

ಪರಿಹಾರ ಆ್ಯಪ್‌ನಲ್ಲೇ ಇತ್ತು. ಅದರಲ್ಲಿ ಗುಣಮಟ್ಟ ಎಂಬ ಅಂಕಿ 80ರಲ್ಲಿ ನಿಂತಿತ್ತು. ಎಷ್ಟು ಅದುಮಬೇಕು ಎಂಬುದನ್ನು ಹೇಳುವ ಅಂಕಿ ಅದು. 100ಕ್ಕೆ ಏರಿಸಿದಾಗ ಅದೇ ಅಳತೆಯ ಫೋಟೊ 28 ಕೆಬಿ ಆಯಿತು. ಆದರೆ 100ಕ್ಕೆ ಏರಿಸುವಾಗ ಮೊದಲಿನ ದೊಡ್ಡ ಚಿತ್ರದಿಂದಲೇ ಪುನಃ ಶುರು ಮಾಡಬೇಕು. 8 ಕೆಬಿಯ ಚಿತ್ರವನ್ನೇ ತೆಗೆದು 100ರಲ್ಲಿ ಉಳಿಸಿದರೆ ತೂಕ ಹೆಚ್ಚುತ್ತದೆ, ಆದರೆ ಕಳೆದುಹೋದ ಸ್ಪಷ್ಟತೆ ವಾಪಸು ಬರುವುದಿಲ್ಲ.

ಸಹಿಯ ಕತೆ ಇನ್ನೂ ಕಷ್ಟ. 140 x 60 ಅಂದರೆ ಕೇವಲ 8,400 ಪಿಕ್ಸೆಲ್. ಏನೂ ಅದುಮದೆ ಇಟ್ಟರೂ ಅದು 25 ಕೆಬಿಯೊಳಗೆ ಮುಗಿಯುತ್ತದೆ. ಅದರಲ್ಲಿಯೂ ಮುಕ್ಕಾಲು ಭಾಗ ಖಾಲಿ ಕಾಗದ. ಗುಣಮಟ್ಟ 80ರಲ್ಲಿ 3 ಕೆಬಿ ಬಂತು, 100ರಲ್ಲಿ 7. ಇನ್ನು ಏರಿಸಲು ಅಂಕಿಯೇ ಇಲ್ಲ. ಆಗ ಪ್ರಕಟಣೆಯನ್ನು ಇನ್ನೊಮ್ಮೆ ಓದಿದೆವು. 140 x 60ರ ಪಕ್ಕದಲ್ಲಿ ಅದು ಆದ್ಯತೆಯ ಅಳತೆ ಎಂದು ಬರೆದಿತ್ತು. ಕೆಬಿಯ ಮಿತಿ ಹಾಗಲ್ಲ, ಕಡ್ಡಾಯ. ಆದ್ದರಿಂದ ಅನುಪಾತವನ್ನು ಬಿಡದೆ ಎರಡೂ ಬದಿಗಳನ್ನು ಇಮ್ಮಡಿ ಮಾಡಿ, ಮೂಲ ಚಿತ್ರದಿಂದಲೇ 280 x 120ಕ್ಕೆ ತಂದೆವು. 15 ಕೆಬಿ ಬಂತು, ಅರ್ಜಿ ಸ್ವೀಕರಿಸಿತು. ಪಿಕ್ಸೆಲ್ ಅಳತೆಯೇ ಕಡ್ಡಾಯ ಎಂದಿರುವ ಅರ್ಜಿಯಲ್ಲಿ ಈ ದಾರಿ ನಡೆಯುವುದಿಲ್ಲ. ಆದ್ದರಿಂದ ಆ ಒಂದು ಪದವನ್ನು ಹುಡುಕಿ ಓದಬೇಕು.

ಸಹಿಯ ಚಿತ್ರ ತೆಗೆಯುವಾಗಲೂ ಬೆಳಕೇ ಮುಖ್ಯ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಮೊಬೈಲ್ ಹಿಡಿದರೆ ಕೈಯ ನೆರಳು ಕಾಗದದ ಮೇಲೆ ಬೂದು ಬಣ್ಣವಾಗಿ ಬೀಳುತ್ತದೆ. ಮರುದಿನ ಬೆಳಗ್ಗೆ ಕಿಟಕಿಯ ಬಳಿ, ಗೆರೆಯಿಲ್ಲದ ಕಾಗದದಲ್ಲಿ ಕಪ್ಪು ಪೆನ್ನಿನಿಂದ ಅಕ್ಕ ಐದು ಸಲ ಸಹಿ ಹಾಕಿದಳು. ಅವುಗಳಲ್ಲಿ ಚಂದದ್ದನ್ನಲ್ಲ, ಅವಳು ದಿನವೂ ಹಾಕುವ ಸಹಿಗೆ ಹೋಲುವುದನ್ನು ಆರಿಸಿದೆವು. ಪರೀಕ್ಷಾ ಕೇಂದ್ರದಲ್ಲಿ ಹಾಕುವ ಸಹಿ ಇದಕ್ಕೆ ಹೊಂದದಿದ್ದರೆ ಅಭ್ಯರ್ಥಿಯನ್ನು ಅನರ್ಹಗೊಳಿಸಬಹುದು ಎಂದು ನಿಯಮವಿದೆ.

ಎರಡು ಸಣ್ಣ ಎಚ್ಚರಿಕೆಗಳನ್ನು ಸೇರಿಸುತ್ತೇನೆ. ಒಂದು, ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ದಾರಿಯಲ್ಲೇ ಅದುಮಲ್ಪಡುತ್ತದೆ. ಸ್ಟುಡಿಯೊದವರಿಂದಾಗಲಿ ಗೆಳೆಯರಿಂದಾಗಲಿ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಎರಡು, ಮಿತಿಯ ಅಂಚಿನಲ್ಲಿ ನಿಲ್ಲಬೇಡಿ. ಕೆಲವು ಮೊಬೈಲುಗಳು 1,000 ಬೈಟನ್ನು ಒಂದು ಕೆಬಿ ಎನ್ನುತ್ತವೆ, ಇನ್ನು ಕೆಲವು ಕಡೆ 1,024 ಬೈಟ್ ಸೇರಿದರೆ ಮಾತ್ರ ಒಂದು ಕೆಬಿ. ಒಂದು ಕಡೆ 20.2 ಕೆಬಿ ಎಂದು ತೋರಿಸಿದ ಫೋಟೊ ಇನ್ನೊಂದು ಲೆಕ್ಕದಲ್ಲಿ 19.7 ಆಗುತ್ತದೆ, ಅಷ್ಟಕ್ಕೇ ತಿರಸ್ಕೃತವಾಗುತ್ತದೆ. ಫೋಟೊಕ್ಕೆ 30, ಸಹಿಗೆ 15ರ ಆಸುಪಾಸು ಇಟ್ಟುಕೊಂಡರೆ ಯಾವ ಲೆಕ್ಕದಲ್ಲೂ ಪಾಸು.

ಪಿಯುಸಿ ಮುಗಿಸಿದ ಕೂಡಲೇ ನಮ್ಮಲ್ಲಿ ಹಲವರು ಎಸ್‌ಎಸ್‌ಸಿಯ ಸಿಎಚ್‌ಎಸ್‌ಎಲ್ ಪರೀಕ್ಷೆಗೆ ಅರ್ಜಿ ಹಾಕಬಹುದು, ಅದಕ್ಕೆ ಹನ್ನೆರಡನೇ ತರಗತಿ ಸಾಕು. ಅಲ್ಲಿ ಈಚೆಗೆ ಫೋಟೊವನ್ನು ಅರ್ಜಿ ತುಂಬುವಾಗಲೇ ಕ್ಯಾಮೆರಾದಲ್ಲಿ ನೇರವಾಗಿ ತೆಗೆಯಬೇಕು. ಅಂದರೆ ಆ್ಯಪ್‌ನಲ್ಲಿ ತಿದ್ದಲು ಅವಕಾಶವಿಲ್ಲ, ಬಿಳಿ ಬಟ್ಟೆಯೂ ಕಿಟಕಿಯ ಬೆಳಕೂ ಮೊದಲೇ ಸಿದ್ಧವಿರಬೇಕು. ಸಹಿಗೆ ಮಾತ್ರ ಅಲ್ಲಿಯೂ ಅದೇ 10ರಿಂದ 20 ಕೆಬಿ. ಯಾವ ಅರ್ಜಿಯೇ ಆಗಲಿ, ಕೊನೆಯ ಬಟನ್ ಒತ್ತುವ ಮುಂಚೆ ಪೂರ್ವವೀಕ್ಷಣೆಯ ಪುಟದಲ್ಲಿ ಫೋಟೊದ ಜಾಗದಲ್ಲಿ ಫೋಟೊ, ಸಹಿಯ ಜಾಗದಲ್ಲಿ ಸಹಿ ಇದೆಯೇ, ಕಣ್ಣುಗಳು ಸ್ಪಷ್ಟವಾಗಿವೆಯೇ ಎಂದು ನೋಡಿ. ದೊಡ್ಡ ಅಳತೆಯ ಮೂಲ ಚಿತ್ರಗಳನ್ನು ಅಳಿಸಬೇಡಿ. ಮುಂದಿನ ಅರ್ಜಿ ಬೇರೆ ಅಳತೆಯನ್ನೇ ಕೇಳುತ್ತದೆ, ಆಗ ಪುನಃ ಬೆಡ್‌ಶೀಟಿಗೆ ಇಸ್ತ್ರಿ ಹಾಕುವ ಕೆಲಸ ತಪ್ಪುತ್ತದೆ.