ಟ್ರೇಯಿಂದ ಗಲ್ಲಾದವರೆಗೆ

ಮುಂಬಯಿ, ಠಾಣೆ, ಡೊಂಬಿವಲಿಗಳ ಉಡುಪಿ ಹೋಟೆಲುಗಳಲ್ಲಿ ಒಂದು ಕಾಲಕ್ಕೆ ಮೇಲೇರುವ ಮೆಟ್ಟಿಲುಗಳು ಬಹಳ ಸ್ಪಷ್ಟವಾಗಿದ್ದವು. ಊರಿನಿಂದ ಬಂದ ಹುಡುಗ ಮೊದಲು ಮೇಜು ಒರೆಸುವ ಕ್ಲೀನರ್; ಒಂದೆರಡು ವರ್ಷದಲ್ಲಿ ಸಪ್ಲಾಯರ್; ಲೆಕ್ಕ ಬಲ್ಲವನಾದರೆ ಗಲ್ಲಾ; ಗಲ್ಲಾದಲ್ಲಿ ಕುಳಿತವನು ಮುಂದೆ ಮ್ಯಾನೇಜರ್, ಕಾಲ ಕೂಡಿಬಂದರೆ ಮಾಲಕ. ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಎ. ರಾಮ ನಾಯಕರೂ ಪಾತ್ರೆ ತೊಳೆಯುವ ಕೆಲಸದಿಂದಲೇ ಮೇಲೆ ಬಂದವರು. ಹಗಲಿಡೀ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಲೆಕ್ಕ ಕಲಿತ ಹುಡುಗರಿಗೆ ಆ ಕಲಿಕೆ ಎಲ್ಲಿ ಉಪಯೋಗಕ್ಕೆ ಬರುತ್ತದೆಂಬುದು ಗೊತ್ತಿತ್ತು. ಎಂಟು ತಟ್ಟೆಗಳನ್ನು ಒಟ್ಟಿಗೆ ತರಬಲ್ಲ ಸಪ್ಲಾಯರುಗಳು ಹತ್ತು ಮಂದಿ ಇರುತ್ತಿದ್ದರು. ಗಲ್ಲಾದ ಕುರ್ಚಿ ಒಂದೇ ಇತ್ತು.

ಕಲ್ಯಾಣದಲ್ಲಿರುವ ನನ್ನ ತಂಗಿಯ ಮಗಳು ಹೋಟೆಲ್ ಮ್ಯಾನೇಜ್‌ಮೆಂಟಿಗೆ ಸೇರಿದಾಗ ನನಗೆ ಈ ಹಳೆಯ ಕುರ್ಚಿಯ ನೆನಪಾಯಿತು. ನಾನು ಮೂರು ದಶಕಗಳ ಕಾಲ ದೊಡ್ಡ ಹೋಟೆಲುಗಳಲ್ಲಿ ಕೆಲಸ ಮಾಡಿ ಈಗ ಡೊಂಬಿವಲಿಯಲ್ಲಿ ನೆಲೆಸಿದ್ದೇನೆ. 1954ರಲ್ಲಿ ಸ್ಥಾಪನೆಯಾದ ದಾದರಿನ ಕೇಟರಿಂಗ್ ಕಾಲೇಜಿನಿಂದ ಹಿಡಿದು ಇಂದಿನ ನವಿಮುಂಬಯಿಯ ಖಾಸಗಿ ಕಾಲೇಜುಗಳವರೆಗೆ ಕಲಿತು ಬಂದ ಮಕ್ಕಳನ್ನು ಹತ್ತಿರದಿಂದ ಕಂಡಿದ್ದೇನೆ. ಹೆಸರುಗಳು ಬದಲಾಗಿವೆ. ಕ್ಲೀನರ್ ಇದ್ದಲ್ಲಿ ಟ್ರೈನಿ, ಸಪ್ಲಾಯರ್ ಇದ್ದಲ್ಲಿ ಅಸೋಸಿಯೇಟ್, ಆಮೇಲೆ ಸೂಪರ್‌ವೈಸರ್, ವಿಭಾಗದ ಮುಖ್ಯಸ್ಥ, ಎಲ್ಲಕ್ಕಿಂತ ಮೇಲೆ ಜನರಲ್ ಮ್ಯಾನೇಜರ್. ಆದರೆ ಬಹುಮಂದಿ ನಿಂತುಬಿಡುವ ಜಾಗ ಮಾತ್ರ ಹಳೆಯದೇ, ಕೈಕೆಲಸ ಮುಗಿದು ಲೆಕ್ಕ ಶುರುವಾಗುವ ಜಾಗ.

ಕೋರ್ಸಿನ ನಡುವೆ ನಾಲ್ಕೈದು ತಿಂಗಳ ತರಬೇತಿ ಇರುತ್ತದೆ. ಅಡುಗೆಮನೆ, ಊಟೋಪಚಾರ, ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್ ಎಂಬ ನಾಲ್ಕು ವಿಭಾಗಗಳಲ್ಲಿ ಸರದಿಯಂತೆ ದುಡಿಯಬೇಕು. ವಾಶಿಯ ಒಂದು ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಸರದಿ ಬಂದ ಮೊದಲ ವಾರ ನಮ್ಮ ಹುಡುಗಿ, "ಮಾವ, ಹಾಸಿಗೆ ಹಾಸುವುದಕ್ಕೆ ಡಿಗ್ರಿ ಯಾಕೆ ಬೇಕು?" ಎಂದು ಕೇಳಿದಳು. ಕಲ್ಯಾಣದಿಂದ ಠಾಣೆಗೆ ಒಂದು ಲೋಕಲ್, ಅಲ್ಲಿಂದ ವಾಶಿಗೆ ಇನ್ನೊಂದು. ಬೆಳಗಿನ ಏಳರ ಪಾಳಿಗೆ ಹೊರಟವಳ ಪ್ರಶ್ನೆಯಲ್ಲಿ ನ್ಯಾಯವಿತ್ತು. "ಲಾಗ್‌ಬುಕ್ಕಿನಲ್ಲಿ ಏನು ಬರೆದಿದ್ದೀ?" ಎಂದೆ. "ಇವತ್ತು ಕೋಣೆ ಸ್ವಚ್ಛ ಮಾಡುವುದನ್ನು ಕಲಿತೆ" ಎಂದು ಐದು ದಿನವೂ ಬರೆದಿದ್ದಳು.

ಆ ಪುಸ್ತಕದಲ್ಲಿ ಬರೆಯಬೇಕಾದದ್ದು ಬೇರೆ. ಒಬ್ಬ ಕೆಲಸಗಾರ ಒಂದು ಪಾಳಿಯಲ್ಲಿ ಎಷ್ಟು ಕೋಣೆ ಮುಗಿಸಿದ? ಅತಿಥಿ ಬಿಟ್ಟುಹೋದ ಕೋಣೆಗೆ ಎಷ್ಟು ನಿಮಿಷ, ಅತಿಥಿ ಇರುವ ಕೋಣೆಗೆ ಎಷ್ಟು? ಸಾಮಾನ್ಯವಾಗಿ ಒಬ್ಬರಿಗೆ ಹದಿನಾಲ್ಕೋ ಹದಿನಾರೋ ಕೋಣೆ ಹಂಚುತ್ತಾರೆ. ಅಂದು ಹತ್ತೇ ಮುಗಿದಿದ್ದರೆ ಕಾರಣವೇನು? ಅನೇಕ ಸಲ ಕಾರಣ ಸೋಮಾರಿತನವಾಗಿರುವುದಿಲ್ಲ, ಚಾದರ ಬಂದಿರುವುದಿಲ್ಲ. ಒಂದು ಹಾಸಿಗೆಗೆ ಕನಿಷ್ಠ ಮೂರು ಜೊತೆ ಚಾದರ ಬೇಕು: ಒಂದು ಹಾಸಿಗೆಯ ಮೇಲೆ, ಒಂದು ಒಗೆತಕ್ಕೆ, ಒಂದು ಕಪಾಟಿನಲ್ಲಿ. ಮೂರನೆಯದು ಹರಿದು ಹೋಗಿ ಹೊಸದನ್ನು ತರಿಸದಿದ್ದರೆ ಕೆಲಸಗಾರ ಲಾಂಡ್ರಿಯ ಗಾಡಿಗಾಗಿ ಕಾಯುತ್ತಾನೆ. ಕೆಳಗೆ ಅತಿಥಿ ಕೋಣೆಗಾಗಿ ಕಾಯುತ್ತಾನೆ. ಹಾಸಿಗೆ ಹಾಸಲು ಡಿಗ್ರಿ ಬೇಡ, ನಿಜ. ಕೋಣೆ ತಡವಾದುದಕ್ಕೂ ಚಾದರದ ಎಣಿಕೆಗೂ ಇರುವ ಸಂಬಂಧವನ್ನು ಕಾಣುವುದೇ ಆ ನಾಲ್ಕೈದು ತಿಂಗಳ ಕಲಿಕೆ.

ಕೋರ್ಸು ಮುಗಿಸಿ ಅಸೋಸಿಯೇಟ್ ಆಗಿ ಸೇರಿದ ಮೇಲೆ ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ಕೆಲಸವೊಂದಿದೆ, ನೈಟ್ ಆಡಿಟ್. ಅಂದಿನ ಬಿಲ್ಲು, ನಗದು, ಕೋಣೆ ಬಾಡಿಗೆ ಎಲ್ಲವನ್ನೂ ತಾಳೆ ನೋಡಿ ಹೋಟೆಲಿನ ದಿನವನ್ನು ಮುಗಿಸುವ ಕೆಲಸ ಇದು. ರಾತ್ರಿ ಹನ್ನೊಂದರಿಂದ ಬೆಳಗಿನ ಏಳರವರೆಗೆ. ಕಲ್ಯಾಣ, ಡೊಂಬಿವಲಿಯವರಿಗೆ ಇದರಲ್ಲಿ ಒಂದು ಅನುಕೂಲವೂ ಉಂಟು, ನಡುರಾತ್ರಿ ಕೊನೆಯ ಲೋಕಲ್ ಹಿಡಿಯಲು ಓಡಬೇಕಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಸ್ಪಷ್ಟವಾಗಿದೆ. ರಾತ್ರಿ ಒಂಬತ್ತೂವರೆಯ ನಂತರದ ಪಾಳಿಗೆ ಅವರ ಒಪ್ಪಿಗೆ ಬೇಕು. ರಕ್ಷಣೆ ಮತ್ತು ಮನೆಗೆ ವಾಹನದ ವ್ಯವಸ್ಥೆ ಮಾಲಕರ ಹೊಣೆ. ಇದನ್ನು ಕೇಳಿ ಪಡೆಯಲು ಸಂಕೋಚಪಡಬೇಕಾಗಿಲ್ಲ.

ನೈಟ್ ಆಡಿಟಿನಲ್ಲಿ ನನಗೆ ಬಹಳ ಕಲಿಸಿದ್ದು ಎರಡು ಪಟ್ಟಿಗಳು. ಹೌಸ್‌ಕೀಪಿಂಗಿನವರು ಕಣ್ಣಾರೆ ನೋಡಿ ಬರೆದ ಕೋಣೆಗಳ ಪಟ್ಟಿ ಒಂದು. ಫ್ರಂಟ್ ಆಫೀಸಿನ ಕಂಪ್ಯೂಟರ್ ತೋರಿಸುವ ಪಟ್ಟಿ ಇನ್ನೊಂದು. ಕಂಪ್ಯೂಟರಿನಲ್ಲಿ ಅತಿಥಿ ಇದ್ದಾನೆ, ಕೋಣೆಯಲ್ಲಿ ಇಲ್ಲ ಎಂದಾದರೆ ಅದಕ್ಕೆ ಎರಡು ಅರ್ಥ ಇರಬಹುದು. ಆತ ಹಣ ಕೊಡದೆ ಹೋಗಿದ್ದರೆ ಅದು ಸ್ಕಿಪ್ಪರ್, ಹೋಟೆಲಿಗೆ ನೇರ ನಷ್ಟ. ಹಣ ಕೊಟ್ಟೇ ಹೋಗಿದ್ದು ಕೌಂಟರಿನವರು ಕಂಪ್ಯೂಟರಿನಲ್ಲಿ ಕೋಣೆ ಬಿಡಿಸದಿದ್ದರೆ ಅದು ಸ್ಲೀಪರ್; ಖಾಲಿ ಕೋಣೆ ತುಂಬಿದಂತೆ ನಟಿಸುತ್ತ ಮಾರಾಟವಾಗದೆ ಮಲಗಿರುತ್ತದೆ. ಸ್ಕಿಪ್ಪರ್ ಸಿಕ್ಕಿದ ದಿನ ಗದ್ದಲವಾಗುತ್ತದೆ. ಸ್ಲೀಪರ್ ಸದ್ದಿಲ್ಲದ ನಷ್ಟ, ಪಟ್ಟಿಗಳನ್ನು ಎದುರುಬದುರು ಇಟ್ಟು ನೋಡಿದವನಿಗೆ ಮಾತ್ರ ಕಾಣುತ್ತದೆ. ಆರು ತಿಂಗಳು ಈ ಪಾಳಿ ಮಾಡಿದವರು ಹಣ ಎಲ್ಲೆಲ್ಲಿಂದ ಬರುತ್ತದೆ, ಎಲ್ಲೆಲ್ಲಿ ಸೋರುತ್ತದೆ ಎಂಬುದನ್ನು ಇಡಿಯಾಗಿ ತಿಳಿದುಕೊಂಡಿರುತ್ತಾರೆ.

ಸೂಪರ್‌ವೈಸರ್ ಆಗುವವರೆಗೆ ಒಳ್ಳೆಯ ಕೈಕೆಲಸವೂ ಮಾತಿನ ಜಾಣ್ಮೆಯೂ ಸಾಕು. ಅಲ್ಲಿಂದ ವಿಭಾಗದ ಮುಖ್ಯಸ್ಥನ ಕುರ್ಚಿಗೆ ಹೋಗುವಾಗ ಬಾಗಿಲಿನಲ್ಲಿ ಒಂದೇ ಪ್ರಶ್ನೆ ಕಾದಿರುತ್ತದೆ: ನಿನ್ನ ಖರ್ಚು ಯಾಕೆ ಹೆಚ್ಚಾಯಿತು? ಅಡುಗೆಮನೆಯ ಒಂದು ತಿಂಗಳ ಲೆಕ್ಕವನ್ನು ದುಂಡು ಅಂಕಿಗಳಲ್ಲಿ ಬಿಡಿಸಿ ನೋಡೋಣ.

ತಿಂಗಳ ಮೊದಲ ದಿನ ಉಗ್ರಾಣದಲ್ಲಿ 2 ಲಕ್ಷ ರೂಪಾಯಿಯ ಸಾಮಾನು ಇತ್ತು. ತಿಂಗಳಲ್ಲಿ ಕೊಂಡದ್ದು 9 ಲಕ್ಷ. ಕೊನೆಯ ದಿನ ಉಳಿದದ್ದು 2 ಲಕ್ಷ 40 ಸಾವಿರ. ಹಾಗಾದರೆ ಬಳಸಿದ್ದು 8 ಲಕ್ಷ 60 ಸಾವಿರ. ಅದರಲ್ಲಿ 60 ಸಾವಿರ ಸಿಬ್ಬಂದಿಯ ಊಟಕ್ಕೆ. ಅದನ್ನು ಕಳೆದರೆ ಅತಿಥಿಗಳ ಊಟಕ್ಕೆ 8 ಲಕ್ಷ. ಊಟದ ಮಾರಾಟ 25 ಲಕ್ಷ. ಅಂದರೆ ನೂರು ರೂಪಾಯಿ ಮಾರಾಟಕ್ಕೆ 32 ರೂಪಾಯಿ ಸಾಮಾನು. ಬಜೆಟ್ಟಿನಲ್ಲಿ ಬರೆದಿದ್ದು 30. ಎರಡು ರೂಪಾಯಿಯ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ, ಆದರೆ ತಿಂಗಳಿಗೆ 50 ಸಾವಿರವಾಯಿತು.

ಇಲ್ಲಿ ಅನನುಭವಿ ಶೆಫ್‌ನ ಮೇಲೆ ರೇಗುತ್ತಾನೆ, ಇಲ್ಲವೇ ಅಗ್ಗದ ಎಣ್ಣೆ ತರಿಸುತ್ತಾನೆ. ಬಲ್ಲವನು ಹೆಚ್ಚು ಖರ್ಚಾಗುವ ನಾಲ್ಕೈದು ಸಾಮಾನುಗಳನ್ನು ಆರಿಸಿ ಒಂದೊಂದನ್ನೇ ಹಿಂಬಾಲಿಸುತ್ತಾನೆ. ಪನೀರನ್ನು ತೆಗೆದುಕೊಳ್ಳಿ. ತಿಂಗಳಲ್ಲಿ ಪನೀರಿನ ಪಲ್ಯ 1,200 ಪ್ಲೇಟು ಮಾರಾಟವಾಗಿದೆ ಎಂದು ಆರ್ಡರಿನ ಚೀಟಿಗಳು ಹೇಳುತ್ತವೆ. ಪ್ಲೇಟಿಗೆ 120 ಗ್ರಾಂ ಎಂದು ಪಾಕವಿಧಾನದ ಹಾಳೆ ಹೇಳುತ್ತದೆ. ಬೇಕಾದದ್ದು 144 ಕಿಲೋ. ಉಗ್ರಾಣದಿಂದ ಹೋದದ್ದು 180 ಕಿಲೋ. 36 ಕಿಲೋ ಹೆಚ್ಚು. ಕಿಲೋಗೆ 400 ರೂಪಾಯಿಯಂತೆ 14,400. ಆಗ ಮುನ್ಸೂಚನೆ ಕೊಡದೆ ನಾಲ್ಕು ಪ್ಲೇಟು ತೂಗಿ ನೋಡಬೇಕು. ಪ್ರತಿಯೊಂದರಲ್ಲೂ 150 ಗ್ರಾಂ ಸಿಕ್ಕಿದರೆ ಕಾರಣ ಕೈಯಳತೆ. 120 ಗ್ರಾಮೇ ಸಿಕ್ಕಿದರೆ ಪನೀರು ಕೆಟ್ಟು ಎಸೆಯಲ್ಪಟ್ಟಿದೆ, ಬಿಲ್ಲಿಲ್ಲದೆ ಹೊರಗೆ ಹೋಗಿದೆ, ಅಥವಾ ಬರುವಾಗಲೇ ತೂಕ ಕಡಿಮೆ ಇತ್ತು. ಪ್ರತಿಯೊಂದಕ್ಕೂ ಬೇರೆ ಮದ್ದು. ಕೈಯಳತೆಗೆ ಒಂದು ತಕ್ಕಡಿ ಸಾಕು. ಉಡುಪಿ ಹೋಟೆಲಿನ ಹಿರಿಯ ಭಟ್ಟರು ಸಾಂಬಾರಿಗೆ ಒಂದು ಸೌಟು, ಚಟ್ನಿಗೆ ಇನ್ನೊಂದು ಎಂದು ಬೇರೆ ಬೇರೆ ಇಟ್ಟು, ಯಾರಿಗೂ ಬದಲಿಸಲು ಬಿಡದಿದ್ದುದು ಇದೇ ಕಾರಣಕ್ಕೆ.

ಜನರಲ್ ಮ್ಯಾನೇಜರನ ಲೆಕ್ಕ ಇದಕ್ಕಿಂತ ಭಿನ್ನ, ಅದರಲ್ಲಿ ಆಯ್ಕೆ ಇರುತ್ತದೆ. 120 ಕೋಣೆಗಳ ಹೋಟೆಲು ಎಂದಿಟ್ಟುಕೊಳ್ಳಿ. 5,000 ರೂಪಾಯಿ ದರದಲ್ಲಿ 84 ಕೋಣೆ ತುಂಬಿದರೆ ಬರುವುದು 4,20,000. ದರ 3,600ಕ್ಕೆ ಇಳಿಸಿ 108 ಕೋಣೆ ತುಂಬಿಸಿದರೆ 3,88,800. ತುಂಬಿದ ಕೋಣೆಯೊಂದಕ್ಕೆ ಒಗೆತ, ಸಾಬೂನು, ವಿದ್ಯುತ್ತು ಎಂದು 600 ರೂಪಾಯಿ ಖರ್ಚಾದರೆ ಮೊದಲನೆಯದರಲ್ಲಿ ಉಳಿಯುವುದು 3,69,600, ಎರಡನೆಯದರಲ್ಲಿ 3,24,000. ಗಿಜಿಗುಡುವ ಲಾಬಿ ಕಡಿಮೆ ಗಳಿಸಿತು. ಆದರೆ ವಾರದ ದಿನಗಳಲ್ಲಿ ಕಂಪೆನಿಗಳವರಿಂದ ತುಂಬಿ ಶನಿವಾರ ಭಾನುವಾರ ಬರಿದಾಗುವ ನವಿಮುಂಬಯಿಯ ಹೋಟೆಲಿಗೆ, ರವಿವಾರದ ಮದುವೆಯ ದಿಬ್ಬಣಕ್ಕೆ ಕಡಿಮೆ ದರದ ಕೋಣೆ ಕೊಡುವುದೇ ಸರಿಯಾಗಬಹುದು, ಏಕೆಂದರೆ ಭೋಜನಶಾಲೆಯ ಗಳಿಕೆ ಅದರ ಜೊತೆಗೆ ಬರುತ್ತದೆ. ನೆರೂಳಿನ ಡಿ. ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲಿ 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ತಂಡದ ಸಂಗೀತ ಕಾರ್ಯಕ್ರಮಗಳು ನಡೆದಾಗ ಸುತ್ತಲಿನ ಕೋಣೆದರ ಗಗನಕ್ಕೇರಿತ್ತು. ಅಂಥ ರಾತ್ರಿಗಳಲ್ಲಿ ತಿಂಗಳುಗಳ ಮೊದಲೇ ಹಳೆಯ ದರದಲ್ಲಿ ಕೋಣೆ ಮಾರಿ ಕುಳಿತವನು ಕೈ ಹಿಸುಕಿಕೊಳ್ಳುತ್ತಾನೆ. ಜೊತೆಗೆ ಅವನಿಗೆ ಅನೇಕ ಕಡೆ ಇಬ್ಬರು ಯಜಮಾನರು, ಕಟ್ಟಡದ ಮಾಲಕ ಮತ್ತು ಹೆಸರಿನ ಕಂಪೆನಿ. ಹಳೆಯ ಜಮಖಾನೆ ಬದಲಿಸಬೇಕೆಂದು ಕಂಪೆನಿ, ಇನ್ನೊಂದು ವರ್ಷ ಹೋಗಲಿ ಎಂದು ಮಾಲಕ. ಇಬ್ಬರಿಗೂ ಒಂದೇ ಹಾಳೆಯ ಅಂಕಿಗಳಿಂದ ಉತ್ತರ ಹೇಳಬಲ್ಲವನು ಆ ಕುರ್ಚಿಯಲ್ಲಿ ಉಳಿಯುತ್ತಾನೆ.

ಇಷ್ಟೆಲ್ಲ ಬಲ್ಲವರೂ ಅಲ್ಲಿಗೆ ತಲುಪುತ್ತಾರೆಂದು ಹೇಳಲಾರೆ. ಒಂದು ಹೋಟೆಲಿಗೆ ಒಬ್ಬನೇ ಜನರಲ್ ಮ್ಯಾನೇಜರ್. ಹಾದಿ ಸಾಮಾನ್ಯವಾಗಿ ಹದಿನೈದಿಪ್ಪತ್ತು ವರ್ಷದ್ದು, ಬಡ್ತಿ ಹೆಚ್ಚಾಗಿ ವರ್ಗಾವಣೆಯ ಜೊತೆಗೇ ಬರುತ್ತದೆ. ಡೊಂಬಿವಲಿ ಬಿಟ್ಟು ಕದಲುವುದಿಲ್ಲ ಎಂದವರು ಹೆಚ್ಚು ಕಾಯಬೇಕಾಗುತ್ತದೆ. ಹೌಸ್‌ಕೀಪಿಂಗಿನಲ್ಲಿಯೇ ಬೆಳೆದವರು ನಡುವೆ ಒಂದೆರಡು ವರ್ಷ ಫ್ರಂಟ್ ಆಫೀಸಿಗೆ ಬದಲಿಸಿಕೊಳ್ಳದಿದ್ದರೆ ದರದ ಲೆಕ್ಕ ಕೈಗೆ ಸಿಗುವುದೇ ಇಲ್ಲ. ಹೊಸ ಹೋಟೆಲು ತೆರೆಯುವ ತಂಡಕ್ಕೆ ಸೇರಿದವರು ಒಂದು ಮೆಟ್ಟಿಲು ಬೇಗ ಏರುವುದುಂಟು. 2025ರ ಅಕ್ಟೋಬರಿನಲ್ಲಿ ನವಿಮುಂಬಯಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಇಲ್ಲಿಯ ಮಕ್ಕಳು ಕಣ್ಣಿಡಬೇಕಾದ ಕಡೆ ಅದು.

ತಂಗಿಯ ಮಗಳ ಲಾಗ್‌ಬುಕ್ಕನ್ನು ಮೊನ್ನೆ ಮತ್ತೆ ನೋಡಿದೆ. "ಏಳನೇ ಮಹಡಿ, 14 ಕೋಣೆ, ಚಾದರ 9 ಜೊತೆ ಕಡಿಮೆ, 40 ನಿಮಿಷ ಕಾಯಿತು" ಎಂದು ಬರೆದಿದ್ದಳು.