ಅಮ್ಮನ ಹಣೆಗೊಂದು ಚೌಕ

ಅಕ್ಕನ ಮಗ ತನ್ನ ಮುಖವನ್ನು ಹಳೇ ವಿಡಿಯೋ ಗೇಮಿನ ಗೊಂಬೆಯಂತೆ ಮಾಡಿಕೊಂಡು ಮೊಬೈಲಿಗೆ ಹಾಕಿಕೊಂಡಿದ್ದ. ಮನೆಯವರ ವಾಟ್ಸಾಪ್ ಗುಂಪಿಗೂ ಹಾಗೆಯೇ ಒಂದು ಚಿತ್ರ ಬೇಕಂತೆ. "ಅಜ್ಜಿದು ಮಾಡು ಮಾಮ, ಮೂವತ್ತೆರಡು ಬೈ ಮೂವತ್ತೆರಡು ಸಾಕು" ಅಂದ. ಅಂದರೆ 1024 ಚೌಕ. ಒಂದು ಭಾನುವಾರದ ಕೆಲಸ ಅಂದುಕೊಂಡೆ.

ಅಮ್ಮನದಿರುವುದು ಒಂದೇ ಒಳ್ಳೆಯ ಫೋಟೋ. ಸ್ಟುಡಿಯೋದ ನೀಲಿ ಪರದೆ, ಹಸಿರು ಸೀರೆ, ಹಣೆಯ ಮೇಲೆ ಕುಂಕುಮ, "ಬೇಗ ಮುಗಿಸಪ್ಪ, ಒಲೆ ಮೇಲೆ ಹಾಲಿದೆ" ಎನ್ನುವ ಮುಖ. ಸ್ಕ್ಯಾನ್ ಮಾಡಿ 1280 ಪಿಕ್ಸೆಲ್ಲಿನ ಚೌಕಕ್ಕೆ ಕತ್ತರಿಸಿದೆ. ಆಗ ಲೆಕ್ಕ ಸುಲಭ, 40 ಉದ್ದ 40 ಅಗಲದ ತುಣುಕೊಂದು ಹೊಸ ಚಿತ್ರದಲ್ಲಿ ಒಂದು ಚೌಕ.

ಮೊದಲ ಸಲ ಕಿರಿದು ಮಾಡಿದಾಗ ಕಂಪ್ಯೂಟರು ಪ್ರತಿ ತುಣುಕಿನ ನಡುವಿನ ಒಂದೇ ಪಿಕ್ಸೆಲನ್ನು ಎತ್ತಿಕೊಂಡು ಉಳಿದ 1599ನ್ನು ಬಿಸಾಡಿತು. ಒಂದು ಕಣ್ಣು ಉಳಿಯಿತು, ಇನ್ನೊಂದು ಹೋಯಿತು. ಎರಡನೇ ಸಲ ಸರಾಸರಿ ತೆಗೆಯಲು ಹೇಳಿದೆ. ಮುಖ ಮೃದುವಾಗಿ ಬಂತು, ಕುಂಕುಮ ಕಾಣೆ! ಕಾರಣ ಸಿಕ್ಕಿತು: ಫೋಟೋದಲ್ಲಿ ಕುಂಕುಮದ ಅಗಲ ಸುಮಾರು 24 ಪಿಕ್ಸೆಲ್, ವಿಸ್ತೀರ್ಣದಲ್ಲಿ ಒಂದು ತುಣುಕಿನ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದೆಲ್ಲ ಚರ್ಮ. ಸರಾಸರಿಯಲ್ಲಿ ಕೆಂಪು ಸೋತಿತು. ಸಾಲದ್ದಕ್ಕೆ ಹಣೆಯ ನಡುಗೆರೆ 16ನೇ ಮತ್ತು 17ನೇ ಲಂಬ ಸಾಲುಗಳ ಸಂದಿಯಲ್ಲಿ ಬಿದ್ದಿತ್ತು, ಕುಂಕುಮ ಎರಡು ಮನೆಗೆ ಪಾಲಾಗಿತ್ತು. 32 ಸಮಸಂಖ್ಯೆ, ಅದಕ್ಕೆ ನಡುಮನೆಯೇ ಇಲ್ಲ. ಕತ್ತರಿಸುವ ಚೌಕವನ್ನು 20 ಪಿಕ್ಸೆಲ್ ಪಕ್ಕಕ್ಕೆ ಸರಿಸಿದೆ. ಮುಖ ಅರ್ಧ ಮನೆಯಷ್ಟು ಓರೆಯಾಯಿತು, ಕುಂಕುಮಕ್ಕೆ ಒಂದು ಪೂರ್ತಿ ಮನೆ ಸಿಕ್ಕಿತು. ಅಲ್ಲಿ ನಾನೇ ಕೈಯಾರೆ ಕೆಂಪು ತುಂಬಿದೆ.

ಮುಂದಿನ ತೊಡಕು ಬಣ್ಣದ್ದು. ಗಿಂಪ್‌ನ `Image > Mode > Indexed` ಒಳಗೆ ಹೋಗಿ, ನಿನಗೆ ತೋಚಿದ ಎಂಟು ಬಣ್ಣ ಆರಿಸು ಅಂದೆ. ಅದು ಜನಗಣತಿ ಮಾಡಿತು. ಜಾಗ ಹೆಚ್ಚು ಹಿಡಿದಿದ್ದ ಪರದೆಗೆ ಮೂರು ನೀಲಿ, ಸೀರೆಗೆ ಎರಡು ಹಸಿರು, ಒಂದೇ ಮನೆಯ ಕೆಂಪಿಗೆ ಏನೂ ಇಲ್ಲ. ಸಿಟ್ಟು ಬಂದು ಪಟ್ಟಿಯನ್ನು ನಾನೇ ಬರೆದೆ: ಚರ್ಮಕ್ಕೆ ಮೂರು, ಸೀರೆಗೆ ಎರಡು, ಕೂದಲಿಗೆ ಒಂದು ಕಪ್ಪು, ಪರದೆಗೆ ಒಂದು ನೀಲಿ, ಕುಂಕುಮಕ್ಕೆ ಒಂದು ಕೆಂಪು. ಕೂದಲಿನ ಹೊಳಪಿಗೆ ಪರದೆಯ ನೀಲಿಯನ್ನೇ ಕಡ ತಂದೆ, ಮೂಗುಬೊಟ್ಟಿಗೆ ಕೆನ್ನೆಯ ತಿಳಿಬಣ್ಣವನ್ನು.

ಹಾಗೆ ಕಡ ತರುವಾಗಲೇ ನೆನಪಾದದ್ದು, ಅಮ್ಮ ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಹಾಕುತ್ತಿದ್ದಳು. ಮನೆ ಎಣಿಸಿ ಎಣಿಸಿ ಹೊಲಿಯುವಾಗ ಮಾತನಾಡಿಸಿದರೆ ಬೈಗುಳ. ಅವಳ ಗಿಣಿಯ ಕೊಕ್ಕು ಕಿತ್ತಳೆ ಬಣ್ಣದ್ದು. ಯಾಕೆ ಅಂದರೆ, "ಕೆಂಪು ದಾರ ಮುಗಿದಿತ್ತು. ಗಿಣಿ ಏನು ಕೇಳೋಕೆ ಬರುತ್ತಾ?"

ಮೂರೇ ಬಣ್ಣದಲ್ಲಿ ಕೆನ್ನೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಅದಕ್ಕೆ ಡಿದರಿಂಗ್ ಎಂಬ ಉಪಾಯವಿದೆ. ಎರಡು ಬಣ್ಣದ ಚುಕ್ಕಿಗಳನ್ನು ಬೆರೆಸಿಟ್ಟು ನಡುವಿನ ಮೂರನೆಯದು ಇದೆ ಎಂದು ಕಣ್ಣಿಗೆ ಭ್ರಮೆ ಹುಟ್ಟಿಸುವುದು. ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ 1976ರಲ್ಲಿ ಪ್ರಕಟಿಸಿದ ವಿಧಾನ ಸಾಲದ ವ್ಯವಹಾರದಂತಿದೆ. ಒಂದು ಚೌಕಕ್ಕೆ ಸರಿಯಾದ ಬಣ್ಣ ಸಿಗದೆ ಉಳಿದ ಬಾಕಿಯನ್ನು ನೆರೆಯವರಿಗೆ ಹಂಚುವುದು: ಹದಿನಾರರಲ್ಲಿ ಏಳು ಪಾಲು ಬಲಕ್ಕೆ, ಐದು ನೇರ ಕೆಳಗೆ, ಮೂರು ಕೆಳಗಿನ ಎಡಕ್ಕೆ, ಒಂದು ಕೆಳಗಿನ ಬಲಕ್ಕೆ. ದೊಡ್ಡ ಚಿತ್ರದಲ್ಲಿ ಬಲು ಸೊಗಸು. ನಾನು ಹಾಕಿ ಅಕ್ಕನಿಗೆ ಕಳಿಸಿದೆ. ತಕ್ಷಣ ಫೋನು: "ಏನೋ ಇದು, ಅಮ್ಮನಿಗೆ ಅಮ್ಮ ಆಗಿದೆಯಲ್ಲೋ!"

ನಿಜ. ಚುಕ್ಕಿ ಬೆರೆಯಬೇಕಾದರೆ ಅದು ಕಣ್ಣಿಗೆ ಬಿಡಿಯಾಗಿ ಕಾಣಬಾರದು. ಇಡೀ ಕೆನ್ನೆಯೇ ಆರು ಚೌಕವಿರುವಾಗ ಪ್ರತಿ ಚುಕ್ಕಿಯೂ ಒಂದೊಂದು ಬೊಕ್ಕೆ. ಮುಖದಿಂದ ಅಷ್ಟನ್ನೂ ಅಳಿಸಿ, ಮೆಟ್ಟಿಲನ್ನೇ ಉಳಿಸಿ ಅದರ ಅಂಚನ್ನು ಕೈಯಿಂದ ತಿದ್ದಿದೆ. ಭುಜದ ಹಿಂದೆ ನೆರಳಿದ್ದ ಪರದೆಯ ಮೂಲೆಯಲ್ಲಿ ಮಾತ್ರ ಕಪ್ಪು, ನೀಲಿ ಚೌಕಗಳನ್ನು ಚದುರಂಗದ ಹಾಸಿನಂತೆ ಇಟ್ಟೆ. ಅದು ಬಟ್ಟೆಯ ನೇಯ್ಗೆಯಂತೆ ಕಂಡಿತು.

ಕೊನೆಗೆ ಹತ್ತು ಪಟ್ಟು ಹಿಗ್ಗಿಸಿದೆ, ಇಂಟರ್‌ಪೊಲೇಶನ್ `None` ಇಟ್ಟು. ಇಲ್ಲದಿದ್ದರೆ ಅಂಚುಗಳೆಲ್ಲ ನೀರಲ್ಲಿ ನೆನೆದಂತಾಗುತ್ತವೆ. ಉಳಿಸಿದ್ದು ಪಿಎನ್‌ಜಿಯಲ್ಲಿ, ಜೆಪೆಗ್‌ನಲ್ಲಾದರೆ ಕೆಂಪಿನ ಸುತ್ತ ಮಸಿ ಹಿಡಿಯುತ್ತದೆ.

ಈ ಸಲ ಅಕ್ಕ ಬಹಳ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ, "ಎಂಟೇ ಬಣ್ಣ ಅಲ್ವೇನೋ? ಮ್ಯಾಟಿ ಮೇಲೆ ಹಾಕಬಹುದು. ಅವಳ ದಾರದ ಡಬ್ಬಿ ನನ್ನ ಹತ್ತಿರಾನೇ ಇದೆ" ಅಂದಳು.

ರಾತ್ರಿ ಡಬ್ಬಿಯ ಫೋಟೋ ಬಂತು. ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ, ಒಳಗೆ ಅಚ್ಚುಕಟ್ಟಾಗಿ ಸುತ್ತಿಟ್ಟ ಲಡಿಗಳು. ಹಸಿರು ಎರಡು ಬಗೆ, ನೀಲಿ, ಕಪ್ಪು, ಗೋಧಿ ಬಣ್ಣ, ಕಂದು. ಕೆಂಪೊಂದು ಇರಲಿಲ್ಲ.